ಎಂಒಯು ಮುಗಿಸಬೇಕು, ಆದರೆ ಸಂಬಂಧ ಕೆಡಬಾರದು. ಹೇಗೆ?

ಗ್ರಂಥಪಾಲಕಿ
ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕರ್ನಾಟಕದ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ನಮ್ಮ ಕಾಲೇಜಿಗೂ ಪಕ್ಕದ ಊರಿನ ಒಂದು ಟ್ರಸ್ಟಿಗೂ 2022ರ ಜೂನ್ 15ರಂದು ಎಂಒಯು, ಅಂದರೆ ಒಡಂಬಡಿಕೆ, ಆಗಿತ್ತು, ಐದು ವರ್ಷಕ್ಕೆ. ಟ್ರಸ್ಟಿನ ಹತ್ತಿರ ಓಲೆಗರಿ ಕಟ್ಟುಗಳು, ಹಳೆಯ ಕಡತಗಳು ಇವೆ. ಅವನ್ನು ಸ್ಕ್ಯಾನ್ ಮಾಡಿ ಸೂಚಿ ತಯಾರಿಸುವುದು ನಮ್ಮ ಕೆಲಸ. ಜಾಗ, ಕರೆಂಟು, ಕಟ್ಟು ಬಿಚ್ಚಿ ಕೊಡುವ ಒಬ್ಬ ಸಿಬ್ಬಂದಿ ಅವರದ್ದು.

ಮೊದಲ ಮೂರು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಇದನ್ನು ನೋಡಿಕೊಳ್ಳುತ್ತಿದ್ದ ಕನ್ನಡ ವಿಭಾಗದ ಸರ್ ನಿವೃತ್ತರಾದರು. ಹಳೆಗನ್ನಡದ ಕೈಬರಹ ಓದುವವರು ಈಗ ನಮ್ಮಲ್ಲಿ ಇಲ್ಲ. ಅರ್ಧಕ್ಕಿಂತ ಕಡಿಮೆ ಕಟ್ಟುಗಳು ಮುಗಿದಿವೆ. ಸ್ಕ್ಯಾನಿಂಗ್ ಮಾಡುವ ಹುಡುಗನಿಗೆ ಪ್ರತಿ ತಿಂಗಳು ಗೌರವಧನ ಕೊಡುತ್ತಿದ್ದೇವೆ, ಆದರೆ ಕೆಲಸ ಮುಂದೆ ಹೋಗುತ್ತಿಲ್ಲ.

ಪ್ರಿನ್ಸಿಪಾಲರು "ಒಂದು ಲೆಟರ್ ಹಾಕಿ ಮುಗಿಸಿಬಿಡಿ" ಅನ್ನುತ್ತಾರೆ. ಕಲಂ 9ರಲ್ಲಿ 90 ದಿನದ ಲಿಖಿತ ನೋಟಿಸ್ ಕೊಟ್ಟು ಯಾರು ಬೇಕಾದರೂ ಮುಗಿಸಬಹುದು ಅಂತ ಇದೆ. ನನ್ನ ಚಿಂತೆ ಬೇರೆ. ನಮ್ಮ ಇಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳು ಅಲ್ಲಿಯ ಕಟ್ಟುಗಳ ಮೇಲೇ ಕೆಲಸ ಮಾಡುತ್ತಿದ್ದಾರೆ. ನಾಳೆ ಒಳ್ಳೆಯ ಮೇಷ್ಟ್ರು ಬಂದರೆ ನಾವು ಮತ್ತೆ ಆ ಬಾಗಿಲಿಗೇ ಹೋಗಬೇಕು. ಹೇಗೆ ಮುಗಿಸಿದರೆ ಆ ಬಾಗಿಲು ಮುಚ್ಚುವುದಿಲ್ಲ?

ಬಯಲುಸೀಮೆ
ಮೇಡಂ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎಂಒಯು ಅಂದರೆ ಬರೀ ಒಳ್ಳೆ ಮನಸ್ಸಿನ ಪತ್ರ. ಕಾನೂನಿನ ಬಲ ಇಲ್ಲ. ಕೆಲಸ ನಿಲ್ಲಿಸಿ, ತಾನಾಗಿ ಸಾಯುತ್ತೆ. ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಹಾಗೇ ಬಿದ್ದಿವೆ.

ಕೋರ್ಟ್ ರಸ್ತೆ
ಅದು ಅರ್ಧ ಮಾತ್ರ ಸರಿ. ಮೇಲೆ ಎಂಒಯು ಅಂತ ಬರೆದಿದೆ ಅನ್ನುವುದರಿಂದ ಏನೂ ತೀರ್ಮಾನ ಆಗಲ್ಲ. ಒಳಗೆ ಏನು ಬರೆದಿದೆ, ಎರಡೂ ಕಡೆಯವರು ಅದರಂತೆ ಹಣ, ವಸ್ತು ಕೊಟ್ಟು ತಗೊಂಡಿದ್ದಾರಾ, ಇದನ್ನು ನೋಡಬೇಕು. ಇಲ್ಲಿ ಸ್ಕ್ಯಾನಿಂಗ್ ಯಂತ್ರ ಹೋಗಿದೆ, ಗೌರವಧನ ಹೋಗಿದೆ, ಅವರ ಸಿಬ್ಬಂದಿ ದುಡಿದಿದ್ದಾರೆ, ನೋಟಿಸಿನ ಅವಧಿ ಕೂಡ ಬರೆದಿದ್ದಾರೆ. ಇಂಥದ್ದನ್ನು 1872ರ ಕರಾರು ಕಾಯ್ದೆಯ ಕೆಳಗೆ ಕರಾರು ಅಂತಲೇ ನೋಡುವ ಸಾಧ್ಯತೆ ಇದೆ. ವಕೀಲಿಕೆ ಮಾಡುವವನಾಗಿ ಹೇಳುತ್ತಿದ್ದೇನೆ.

ಮೇಡಂ, ಎರಡು ವಿಷಯ ನೋಡಿ ಹೇಳಿ. ಒಂದು, ಅವಧಿ ಮುಗಿದಾಗ ತಾನಾಗಿ ಮುಂದುವರಿಯುತ್ತದೆ ಅನ್ನುವ ಸಾಲು ಇದೆಯಾ? ಎರಡು, ಮುಗಿದ ಮೇಲೂ ಉಳಿಯುವ ಷರತ್ತು ಏನಾದರೂ ಇದೆಯಾ?

ಗ್ರಂಥಪಾಲಕಿ
ಈಗ ಫೈಲ್ ತೆಗೆದು ನೋಡಿದೆ ಸರ್. ಮೊದಲನೆಯದು ಇದೆ! "ಅವಧಿ ಮುಗಿಯುವ 90 ದಿನ ಮೊದಲು ಯಾವ ಪಕ್ಷವೂ ಲಿಖಿತವಾಗಿ ತಿಳಿಸದಿದ್ದರೆ ಮತ್ತೆ ಐದು ವರ್ಷಕ್ಕೆ ಮುಂದುವರಿಯತಕ್ಕದ್ದು" ಅಂತ ಕಲಂ 3ರಲ್ಲಿದೆ. ಎರಡನೆಯದಕ್ಕೆ, ಸ್ಕ್ಯಾನ್ ಪ್ರತಿಗಳನ್ನು ಟ್ರಸ್ಟಿನ ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು ಅಂತ ಒಂದು ಸಾಲಿದೆ. ಎಷ್ಟು ಕಾಲ ಅಂತ ಇಲ್ಲ.

ಕೋರ್ಟ್ ರಸ್ತೆ
ನೋಡಿ, ತಾನಾಗಿ ಸಾಯುತ್ತೆ ಅಂತ ಬಿಟ್ಟಿದ್ದರೆ 2032ರವರೆಗೆ ಎಳೆಯುತ್ತಿತ್ತು.

ನನ್ನ ಸಲಹೆ, ಕಲಂ 9ನ್ನು ಮುಟ್ಟಲೇಬೇಡಿ. ಅದು ನಡುವೆ ಕಡಿದುಹಾಕುವ ದಾರಿ. ನಿಮ್ಮ ಅವಧಿಯೇ 2027ರ ಜೂನ್ 14ಕ್ಕೆ ಮುಗಿಯುತ್ತದೆ. ಕಲಂ 3ರ ಪ್ರಕಾರ "ನವೀಕರಿಸುತ್ತಿಲ್ಲ" ಅಂತ ತಿಳಿಸಿ ಸಾಕು. ಕಾಗದದ ಮೇಲೆ ನೀವು ಏನನ್ನೂ ಮುರಿದಂತೆ ಆಗುವುದಿಲ್ಲ, ಮಾತು ಕೊಟ್ಟಷ್ಟು ದಿನ ಇದ್ದು ಮುಗಿಸಿದಂತೆ ಆಗುತ್ತದೆ. ಟ್ರಸ್ಟಿನವರು ತಮ್ಮ ಸಭೆಯಲ್ಲಿ ಹೇಳಿಕೊಳ್ಳುವುದಕ್ಕೂ ಅದು ಸುಲಭ. ಜೂನ್ 14ರಿಂದ 90 ದಿನ ಹಿಂದೆ ಎಣಿಸಿದರೆ ಮಾರ್ಚ್ 16. ಕೊನೆಯ ದಿನದವರೆಗೆ ಕಾಯಬೇಡಿ. ಪತ್ರ ಕಳಿಸಿದ ದಿನವೋ ತಲುಪಿದ ದಿನವೋ ಅನ್ನುವ ಜಗಳ ಬರಬಾರದು. ಫೆಬ್ರವರಿ ಒಳಗೆ ಅವರ ಕೈಯಲ್ಲಿರಲಿ, ಸ್ವೀಕೃತಿ ಸೀಲ್ ಹಾಕಿದ ಪ್ರತಿ ನಿಮ್ಮ ಕೈಯಲ್ಲಿರಲಿ.

ಲೆಕ್ಕಪತ್ರ
ಮತ್ತೆ ಅಲ್ಲಿವರೆಗೆ ಆ ಹುಡುಗನಿಗೆ ಸುಮ್ನೆ ದುಡ್ಡು ಕೊಡಬೇಕಾ? ಆಡಿಟ್‌ನವರು ಕೆಲಸದ ದಾಖಲೆ ಕೇಳಿದರೆ ಏನು ತೋರಿಸುತ್ತಾರೆ?

ಕೋರ್ಟ್ ರಸ್ತೆ
ಬೇಡ. ಒಡಂಬಡಿಕೆ ಇರಲಿ, ಚಟುವಟಿಕೆ ಮಾತ್ರ ನಿಲ್ಲಲಿ. ಎರಡೂ ಕಡೆಯವರು ಕೂತು ಒಂದು ಪುಟದ ನಡಾವಳಿ ಮಾಡಿ ಸಹಿ ಹಾಕಿ. "ಈ ತಾರೀಖಿನಿಂದ ಹೊಸ ಕಟ್ಟುಗಳನ್ನು ಸ್ಕ್ಯಾನ್ ಮಾಡುವುದಿಲ್ಲ. ಈಗಾಗಲೇ ಬಿಚ್ಚಿರುವುದನ್ನು ಮುಗಿಸಿ, ಉಳಿದ ತಿಂಗಳುಗಳನ್ನು ಹಸ್ತಾಂತರಕ್ಕೆ ಬಳಸುವುದು" ಅಂತ. ಆ ಹುಡುಗನಿಗೆ ಹಸ್ತಾಂತರದ ಕೆಲಸವೇ ಬೇಕಾದಷ್ಟು ಇರುತ್ತದೆ.

ಮೈಸೂರು ಪಾಕ
ಇದೇ ಥರ ನಮ್ಮದೂ ಒಂದು ಸಮಸ್ಯೆ. ಅಂಗಡಿ ಬಾಡಿಗೆ ಕರಾರು 11 ತಿಂಗಳದ್ದು, ಮಾಲೀಕರು ಅಡ್ವಾನ್ಸ್ ವಾಪಸ್ ಕೊಡುತ್ತಿಲ್ಲ. ನೋಟಿಸ್ ಹೇಗೆ ಬರೆಯೋದು?

ಕೋರ್ಟ್ ರಸ್ತೆ
ಅದು ಬೇರೆ ಕಥೆ ಸರ್, ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಉತ್ತರಿಸುತ್ತೇನೆ.

ಟ್ರಸ್ಟಿನ ಕಡೆಯವ
ನಾನು ಆಚೆ ಬದಿಯಿಂದ ಮಾತಾಡುತ್ತೇನೆ. ಮಲೆನಾಡಿನ ಒಂದು ಸಣ್ಣ ಸಂಗ್ರಹಾಲಯದ ಸಮಿತಿಯಲ್ಲಿ ಇದ್ದೇನೆ. ನಮ್ಮ ಜೊತೆ ಎಂಒಯು ಮಾಡಿಕೊಂಡಿದ್ದ ಒಂದು ದೊಡ್ಡ ಸಂಸ್ಥೆ ಹೀಗೇ ಬಿಟ್ಟು ಹೋಯಿತು. ಬಿಟ್ಟಿದ್ದಕ್ಕೆ ನಮಗೆ ಬೇಸರ ಆಗಲಿಲ್ಲ, ಜನ ಬದಲಾಗುತ್ತಾರೆ, ಗೊತ್ತು. ಬೇಸರ ಆಗಿದ್ದು ತಿಳಿದ ರೀತಿಗೆ. ಅವರ ಹೊಸ ಸಂಶೋಧಕರೊಬ್ಬರು ಮಾತಿನ ನಡುವೆ "ಓ, ಅದು ಕ್ಲೋಸ್ ಆಯ್ತಲ್ಲ" ಅಂದರು. ನಮ್ಮ ಅಧ್ಯಕ್ಷರಿಗೆ 80ರ ಹತ್ತಿರ ವಯಸ್ಸು. ಕಟ್ಟುಗಳನ್ನು ಮನೆಮನೆಯಿಂದ ಬೇಡಿ ತಂದವರು ಅವರು. ಪತ್ರ ಬಂದಿದ್ದು ಎರಡು ತಿಂಗಳ ಮೇಲೆ, ಕೆಳಗೆ ಸಹಿ ರಿಜಿಸ್ಟ್ರಾರರದ್ದೂ ಅಲ್ಲ, ಯಾವುದೋ ಸೆಕ್ಷನ್ ಆಫೀಸರದ್ದು. ಆಮೇಲೆ ಆ ಸಂಸ್ಥೆಯಿಂದ ಯಾರೇ ಬಂದರೂ ಅಧ್ಯಕ್ಷರು ಕಪಾಟಿನ ಬೀಗದ ಕೈ ಕೊಡಲಿಲ್ಲ.

ಮೇಡಂ, ದಯವಿಟ್ಟು ಮೊದಲು ನಿಮ್ಮ ಪ್ರಿನ್ಸಿಪಾಲರನ್ನು ಕರೆದುಕೊಂಡು ಹೋಗಿ ಎದುರು ಕೂತು ಹೇಳಿ. ಪತ್ರ ಆಮೇಲೆ. ಸಹಿ ಹಾಕಿದವರೇ ಮುಗಿಸುವುದಕ್ಕೂ ಬರಬೇಕು. ಸಾಧ್ಯವಾದರೆ ನಿವೃತ್ತರಾದ ಆ ಸರ್ ಕೂಡ ಬರಲಿ. ಟ್ರಸ್ಟಿನವರ ಪಾಲಿಗೆ ಕಾಲೇಜು ಅಂದರೆ ಅವರೇ ಆಗಿರುತ್ತಾರೆ.

ಗ್ರಂಥಪಾಲಕಿ
ಸರ್, ಇದು ನನಗೆ ಹೊಳೆದಿರಲಿಲ್ಲ. ನಿವೃತ್ತರಾದ ಸರ್ ಧಾರವಾಡದಲ್ಲಿದ್ದಾರೆ, ಕರೆದರೆ ಬರುತ್ತಾರೆ.

ಹೊಸ ಗಾಳಿ
ಎದುರು ಹೋದರೆ ಭಾವನೆಗೆ ಸಿಕ್ಕಿ "ಇನ್ನೊಂದು ವರ್ಷ ನೋಡೋಣ" ಅಂತ ಒಪ್ಪಿಕೊಂಡು ಬರುತ್ತೀರಿ. ಪತ್ರ ಮೊದಲು ಹೋಗಲಿ. ನಾನು ನೋಡಿದ ಎಲ್ಲ ಕಡೆ ಇದೇ ಆಗಿದ್ದು.

ಟ್ರಸ್ಟಿನ ಕಡೆಯವ
ತೀರ್ಮಾನ ಮಾಡಿಕೊಂಡೇ ಹೋಗಲಿ. ತೀರ್ಮಾನ ಬೇರೆ, ತಿಳಿಸುವ ರೀತಿ ಬೇರೆ ಅಲ್ವಾ?

ಹೊಸ ಗಾಳಿ
ಹೇಳೋದು ಸುಲಭ. ಆ ಹಿರಿಯರು ಕಣ್ಣೀರು ಹಾಕಿದರೆ ಎದ್ದು ಬರೋಕಾಗುತ್ತಾ? ನಾನು ಒಪ್ಪಲ್ಲ.

ಸುದ್ದಿಗಾರ
ಕಳೆದ ವರ್ಷಗಳ ಉದಾಹರಣೆ ನೋಡಿ. 2025ರ ಮೇನಲ್ಲಿ ಜೆಎನ್‌ಯು ಟರ್ಕಿಯ ಇನೊನು ವಿಶ್ವವಿದ್ಯಾಲಯದ ಜೊತೆಗಿನ ಎಂಒಯು ನಿಲ್ಲಿಸಿದ್ದನ್ನು ಎಕ್ಸ್‌ನಲ್ಲೇ ಹಾಕಿತು. ಅದೇ ವರ್ಷ ಫೆಬ್ರವರಿಯಲ್ಲಿ ಸಹಿ ಆಗಿತ್ತು, ಮೂರು ವರ್ಷದ್ದು. ಒಂದು ಪೋಸ್ಟ್, ಮುಗೀತು.

ಕೋರ್ಟ್ ರಸ್ತೆ
ಅಲ್ಲಿ ಕೊಟ್ಟ ಕಾರಣ ರಾಷ್ಟ್ರೀಯ ಭದ್ರತೆ. ಬಹಿರಂಗವಾಗಿ ಹೇಳುವುದೇ ಅಲ್ಲಿ ಉದ್ದೇಶ. ಇನ್ನೊಂದು ಗಮನಿಸಿ, ಜೆಎನ್‌ಯು ಬಳಸಿದ್ದು ಅಮಾನತು ಅನ್ನುವ ಮಾತು, ಮುಂದಿನ ಆದೇಶದವರೆಗೆ ಅಂತ. ಅಮಾನತಿನಲ್ಲಿ ಒಡಂಬಡಿಕೆ ಉಳಿದಿರುತ್ತದೆ, ಕೆಲಸ ನಿಂತಿರುತ್ತದೆ. ಮೇಡಂ ಅವರಿಗೆ ಅದೂ ಒಂದು ದಾರಿ. ಆದರೆ ಯಂತ್ರ, ಕಟ್ಟು ಎಲ್ಲ ಅಲ್ಲಲ್ಲೇ ತೂಗಾಡುತ್ತಿರುತ್ತವೆ. ಅದು ಬೇಡ ಅನ್ನುತ್ತೇನೆ.

ಉಪ್ಸಲ ಕನ್ನಡಿಗ
ನಾನಿರುವ ಸ್ವೀಡನ್‌ನ ಒಂದು ಉದಾಹರಣೆ. ಚೀನೀ ಭಾಷೆ ಕಲಿಸುವ, ಚೀನಾ ಸರ್ಕಾರದ ಕನ್ಫ್ಯೂಷಿಯಸ್ ಇನ್‌ಸ್ಟಿಟ್ಯೂಟ್‌ಗಳು ಅಂತ ವಿಶ್ವವಿದ್ಯಾಲಯಗಳ ಒಳಗೇ ಇದ್ದವು. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯ 2014ರ ಕೊನೆಗೆ ಒಪ್ಪಂದದ ಅವಧಿ ಮುಗಿದಾಗ ನವೀಕರಿಸಲಿಲ್ಲ. ಚೀನಾದ ವಿಶ್ವವಿದ್ಯಾಲಯಗಳ ಜೊತೆ ಈಗ ಬೇರೆ ರೀತಿಯ ಸಂಪರ್ಕ ಬೇಕಾದಷ್ಟು ಇದೆ ಅಂತ ಕಾರಣ ಕೊಟ್ಟಿತು. ಅದೇ 2014ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ನವೀಕರಣದ ಮಾತುಕತೆ ಕೆಟ್ಟು ನಿಂತಿತು. ಚೀನಾದ ಕಡೆಯ ಮುಖ್ಯಸ್ಥರ ಬಗ್ಗೆ ಬಂದ ಒಂದು ಪತ್ರಿಕಾ ಲೇಖನವೇ ಅದಕ್ಕೆ ಕಾರಣ ಅಂತ ವಿಶ್ವವಿದ್ಯಾಲಯ ಹೇಳಿತು. ಅಂದರೆ ಮಾತುಕತೆ ನಡೆಯುತ್ತಿರುವಾಗ ಯಾರೂ ಪತ್ರಿಕೆಗೆ ಹೋಗಬಾರದು. ಊರಿನ ಪತ್ರಿಕೆ ಆದರೂ ಅಷ್ಟೇ.

ಬಯಲುಸೀಮೆ
ಓಲೆಗರಿ ವಿಷಯಕ್ಕೆ ಚೀನಾ ತನಕ ಹೋದಿರಲ್ಲ! ಆದರೆ ನವೀಕರಿಸದೆ ಬಿಡೋ ದಾರಿ ಚೆನ್ನಾಗಿದೆ, ಒಪ್ಪಿದೆ. ನಮ್ಮ ಕಾಲೇಜಿನ ಫೈಲುಗಳನ್ನೂ ಇನ್ನೊಮ್ಮೆ ನೋಡಬೇಕು.

ಲೆಕ್ಕಪತ್ರ
ಮೇಡಂ, ಸ್ಕ್ಯಾನರ್ ಯಾವ ದುಡ್ಡಿನದು?

ಗ್ರಂಥಪಾಲಕಿ
ಯುಜಿಸಿ ಅನುದಾನದಲ್ಲಿ ತಗೊಂಡಿದ್ದು. ಟ್ರಸ್ಟಿನ ಕೋಣೆಯಲ್ಲೇ ಇದೆ. ಅವರಿಗೇ ಬಿಟ್ಟುಕೊಟ್ಟರೆ ಸಂಬಂಧ ಚೆನ್ನಾಗಿರುತ್ತದೆ ಅಂತ ನನ್ನ ಯೋಚನೆ.

ಲೆಕ್ಕಪತ್ರ
ಅಲ್ಲೇ ತಪ್ಪುವುದು! ಕೇಂದ್ರದ ಅನುದಾನದಲ್ಲಿ ಕೊಂಡ ಆಸ್ತಿಯನ್ನು, ಅನುದಾನ ಕೊಟ್ಟವರ ಮುಂಚಿತ ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ, ಬೇರೆಯವರಿಗೆ ಬಿಟ್ಟುಕೊಡುವ ಹಾಗಿಲ್ಲ. ಕೇಂದ್ರದ ಹಣಕಾಸು ನಿಯಮಗಳಾದ 2017ರ ಜಿಎಫ್‌ಆರ್‌ನಲ್ಲಿ ಸ್ಪಷ್ಟವಾಗಿದೆ. ನಿಮ್ಮ ಸ್ಟಾಕ್ ರಿಜಿಸ್ಟರಿನಲ್ಲಿ ಆ ಯಂತ್ರ ಕಾಲೇಜಿನ ಹೆಸರಲ್ಲಿದೆ. ಬಾಯಿಮಾತಲ್ಲಿ "ನೀವೇ ಇಟ್ಕೊಳ್ಳಿ" ಅಂದು ಬಂದರೆ, ನಾಳೆ ಆಡಿಟ್‌ನವರು ಎಲ್ಲಿ ಅಂತ ಕೇಳುತ್ತಾರೆ. ಆಗ ಹೊಸ ಪ್ರಿನ್ಸಿಪಾಲರು ಟ್ರಸ್ಟಿಗೆ "ಯಂತ್ರ ವಾಪಸ್ ಕೊಡಿ" ಅಂತ ಖಾರವಾದ ಪತ್ರ ಬರೆಯುತ್ತಾರೆ. ಒಳ್ಳೆಯ ಮನಸ್ಸಿನಿಂದ ಕೊಟ್ಟಿದ್ದೇ ಜಗಳಕ್ಕೆ ಮೂಲ ಆಗುತ್ತದೆ. ಇಂಥದ್ದು ನಾನು ಕಣ್ಣಾರೆ ಕಂಡಿದ್ದೇನೆ.

ಎರಡೇ ದಾರಿ. ಯಂತ್ರ ವಾಪಸ್ ತನ್ನಿ. ಇಲ್ಲವೇ ಇಂತಿಷ್ಟು ತಿಂಗಳಿಗೆ ಎರವಲು ಅಂತ ಬರೆದು, ಮಾಡೆಲ್, ಸೀರಿಯಲ್ ನಂಬರ್, ಲೆನ್ಸ್, ಕೇಬಲ್, ಗಾಜು ಎಲ್ಲ ನಮೂದಿಸಿ ಸಹಿ ಮಾಡಿಸಿ. ಶಾಶ್ವತವಾಗಿ ಕೊಡುವುದಾದರೆ ಯುಜಿಸಿಗೆ ಬರೆದು ಒಪ್ಪಿಗೆ ಪಡೆಯಿರಿ.

ಓಲೆಗರಿ
ನಾನು ಹಸ್ತಪ್ರತಿ ವಿಭಾಗದಲ್ಲಿ ಕೆಲಸ ಮಾಡಿದವಳು. ಯಂತ್ರಕ್ಕಿಂತ ಮುಖ್ಯ ಒಂದು ಪ್ರಶ್ನೆ: ಟ್ರಸ್ಟಿನ ಯಾವುದಾದರೂ ಕಟ್ಟು ಈಗ ನಿಮ್ಮ ಕಾಲೇಜಿನಲ್ಲಿದೆಯಾ?

ಗ್ರಂಥಪಾಲಕಿ
ಇದೆ ಮೇಡಂ. ಮೂರು ಓಲೆಕಟ್ಟು, ಒಂದು ಕಡತ. ಪ್ರದರ್ಶನಕ್ಕೆ ತಂದಿದ್ದು. ನನ್ನ ಕಪಾಟಿನಲ್ಲೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.

ಓಲೆಗರಿ
ಮೊದಲು ಅವನ್ನು ವಾಪಸ್ ಕೊಡಿ. ಪತ್ರ, ನಡಾವಳಿ ಎಲ್ಲಕ್ಕಿಂತ ಮೊದಲು. ಒಡಂಬಡಿಕೆ ಮುಗಿಯುವ ಮಾತು ಬಂದ ಕೂಡಲೇ ಅವರ ಮನಸ್ಸಿಗೆ ಬರುವುದು "ನಮ್ಮ ಕಟ್ಟುಗಳು ಎಲ್ಲಿ" ಅನ್ನುವ ಭಯ. ಕೈಯಲ್ಲಿ ಹಿಡಿದುಕೊಂಡೇ ಹೋದರೆ ಆ ಭಯಕ್ಕೆ ಜಾಗವೇ ಇರಲ್ಲ.

ಕೊಡುವ ರೀತಿ ಹೇಳುತ್ತೇನೆ. ಕಟ್ಟನ್ನು ಅವರ ಎದುರೇ ಬಿಚ್ಚಿ. ಗರಿಗಳನ್ನು ಇಬ್ಬರೂ ಸೇರಿ ಎಣಿಸಿ. ಮೇಲಿನ, ಕೆಳಗಿನ ಹಲಗೆ ಇದೆಯಾ, ದಾರ ಹಳೆಯದೇನಾ, ಯಾವ ಗರಿಯ ಅಂಚು ಮುರಿದಿದೆ, ಎಲ್ಲಿ ಹುಳ ತಿಂದ ತೂತು ಇದೆ, ಬರೆದುಕೊಳ್ಳಿ. ತರುವಾಗ ಹೀಗೆ ಬರೆದ ಚೀಟಿ ಇದ್ದರೆ ಪಕ್ಕದಲ್ಲಿಟ್ಟು ತಾಳೆ ನೋಡಿ. ಇಲ್ಲದಿದ್ದರೆ ಸ್ಕ್ಯಾನ್ ಚಿತ್ರವೇ ಸಾಕ್ಷಿ, ತಂದಾಗ ಹೇಗಿತ್ತು ಅಂತ ಅದರಲ್ಲಿ ಕಾಣುತ್ತದೆ. ಗಡಿಬಿಡಿಯಲ್ಲಿ ದಾರ ಬಿಗಿಯಾಗಿ ಎಳೆಯಬೇಡಿ, ತೂತಿನ ಹತ್ತಿರ ಗರಿ ಸೀಳುತ್ತದೆ. ಕೊನೆಗೆ ಎರಡು ಪ್ರತಿ ರಸೀದಿ, ಇಬ್ಬರ ಸಹಿ.

75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಹಾಗಾಗಿ ಯಾರ ಕೈಯಲ್ಲಿ ಏನಿದೆ ಅನ್ನುವ ದಾಖಲೆ ನಿಮ್ಮ ರಕ್ಷಣೆಗೂ ಬೇಕು.

ಡಿಸ್ಕು ತುಂಬಿದವ
ಸ್ಕ್ಯಾನ್ ಫೈಲುಗಳ ಬಗ್ಗೆ ಯಾರೂ ಹೇಳಲಿಲ್ಲ. ಟಿಫ್ ಮೂಲ ಪ್ರತಿಗಳು ಎಲ್ಲಿವೆ?

ಗ್ರಂಥಪಾಲಕಿ
ನಮ್ಮ ಎರಡು ಹಾರ್ಡ್ ಡಿಸ್ಕಿನಲ್ಲಿ. ಟ್ರಸ್ಟಿಗೆ ಕೊಟ್ಟಿದ್ದು ಪಿಡಿಎಫ್ ಮಾತ್ರ.

ಡಿಸ್ಕು ತುಂಬಿದವ
ಅವರಿಗೆ ಪೂರ್ತಿ ಟಿಫ್ ಕೊಡಿ. ಪಿಡಿಎಫ್‌ನಲ್ಲಿ ಚಿತ್ರವನ್ನು ಒತ್ತಿ ಚಿಕ್ಕದು ಮಾಡಿರುತ್ತಾರೆ. ಮುಂದೆ ಬೇರೆ ವಿಶ್ವವಿದ್ಯಾಲಯ ಬಂದರೆ ಅದರಿಂದ ಕೆಲಸ ಆಗಲ್ಲ, ಮತ್ತೆ ಗರಿ ಬಿಚ್ಚಬೇಕಾಗುತ್ತದೆ. ಪ್ರತಿ ಸಲ ಬಿಚ್ಚಿದಾಗಲೂ ಗರಿಗೆ ಪೆಟ್ಟು. ಎರಡು ಡಿಸ್ಕಿಗೆ ಹಾಕಿ ಕೊಡಿ. ನಕಲು ಸರಿಯಾಗಿ ಆಗಿದೆಯಾ ಅಂತ ಕಣ್ಣಳತೆಯಲ್ಲಿ ನೋಡಬೇಡಿ. ಲಿನಕ್ಸ್ ಇದ್ದರೆ ಮೂಲ ಡಿಸ್ಕಿನ ಫೋಲ್ಡರಿನಲ್ಲಿ ಇದನ್ನು ಓಡಿಸಿ:

```
find . -type f -name "*.tif" -exec sha256sum {} + > patti.txt
```

ಆ ಪಟ್ಟಿಯನ್ನೂ ಫೈಲುಗಳ ಜೊತೆ ಹೊಸ ಡಿಸ್ಕಿಗೆ ನಕಲು ಮಾಡಿ, ಅಲ್ಲಿ ಇದನ್ನು:

```
sha256sum -c --quiet patti.txt
```

ಏನೂ ಬರದಿದ್ದರೆ ಪಟ್ಟಿಯಲ್ಲಿರುವ ಎಲ್ಲವೂ ಸರಿಯಾಗಿ ಹೋಗಿವೆ. ಕೆಟ್ಟ ಫೈಲ್ ಇದ್ದರೆ ಅದರ ಹೆಸರಿನ ಮುಂದೆ FAILED ಅಂತ ಕಾಣುತ್ತದೆ. ಹೆಸರು `.TIF` ಅಂತ ದೊಡ್ಡಕ್ಷರದಲ್ಲಿದ್ದರೆ ಮೊದಲ ಸಾಲಿನಲ್ಲಿ `-name` ಬದಲು `-iname` ಹಾಕಿ, ಇಲ್ಲದಿದ್ದರೆ ಅವು ಪಟ್ಟಿಗೇ ಸೇರಲ್ಲ. ಪಟ್ಟಿಯನ್ನು ಮುದ್ರಿಸಿ ಹಸ್ತಾಂತರದ ಪತ್ರಕ್ಕೆ ಲಗತ್ತಿಸಿ.

ಹೊಸ ಗಾಳಿ
ಕಾಲೇಜಿನ ದುಡ್ಡಲ್ಲಿ ಆದ ಕೆಲಸ. ಎಲ್ಲ ಅವರಿಗೇ ಕೊಟ್ಟುಬಿಟ್ಟರೆ ಕಾಲೇಜಿಗೆ ಉಳಿದದ್ದೇನು?

ಓಲೆಗರಿ
ಒಂದು ಪ್ರತಿ ಕಾಲೇಜಿನಲ್ಲೂ ಉಳಿಯಲಿ, ಆದರೆ ಟ್ರಸ್ಟಿನ ಲಿಖಿತ ಒಪ್ಪಿಗೆಯಿಂದ. ಅಷ್ಟು ಹಳೆಯ ಕೃತಿಗೆ ಕಾಪಿರೈಟ್ ಇಲ್ಲ ಅಂತ ವಾದಿಸಬಹುದು. ಆದರೆ ಒಪ್ಪಿಗೆ ಇಲ್ಲದೆ ಪ್ರಕಟಿಸಲ್ಲ ಅಂತ ನೀವೇ ಸಹಿ ಹಾಕಿದ್ದೀರಿ. ನಿಮ್ಮವರು ಬರೆದ ಸೂಚಿಯ ವಿಷಯ ಬೇರೆ, ಅದರ ಮೇಲೆ ಬರೆದವರ ಹೆಸರು ಇರಬೇಕು. ಮುಂದೆ ಯಾರೇ ಮುಂದುವರಿಸಿದರೂ ಆ ಹೆಸರು ತೆಗೆಯಬಾರದು ಅಂತ ಈಗಲೇ ಬರೆಸಿ.

ಹೊಸ ಗಾಳಿ
ಎಷ್ಟು ವರ್ಷ ಆ ನಿರ್ಬಂಧ? ಜನ್ಮಪೂರ್ತಿನಾ?

ಕೋರ್ಟ್ ರಸ್ತೆ
ಅವಧಿ ಬರೆದಿಲ್ಲ ಅಂದರೆ ವಾದ ಎರಡೂ ಕಡೆ ನಡೆಯುತ್ತದೆ. ಅದಕ್ಕೇ ಮುಕ್ತಾಯದ ಪತ್ರದಲ್ಲಿ ಇತ್ಯರ್ಥ ಮಾಡಿಕೊಳ್ಳಿ. ಒಂದು ಕರಡು ಹಾಕುತ್ತೇನೆ, ಒಪ್ಪಿಕೊಂಡ ಅವಧಿಯ ಸಾಲು ಸೇರಿಸಿ ನಿಮಗೆ ತಕ್ಕ ಹಾಗೆ ಬದಲಿಸಿಕೊಳ್ಳಿ:

*"ಮಾನ್ಯರೇ, 15-6-2022ರ ಒಡಂಬಡಿಕೆಯ ಅವಧಿ 14-6-2027ಕ್ಕೆ ಮುಗಿಯುತ್ತದೆ. ಕಲಂ 3ರ ಪ್ರಕಾರ, ಇದನ್ನು ನವೀಕರಿಸುತ್ತಿಲ್ಲ ಎಂದು ಈ ಮೂಲಕ ತಿಳಿಸುತ್ತಿದ್ದೇವೆ. ಈ ಕೆಲಸಕ್ಕೆ ಬೇಕಾದ ಅಧ್ಯಾಪಕರು ಸದ್ಯ ನಮ್ಮಲ್ಲಿ ಇಲ್ಲದಿರುವುದೇ ಕಾರಣ. ನಾವು ಒಟ್ಟಿಗೆ ಕೂತು ಒಪ್ಪಿಕೊಂಡ ಹಸ್ತಾಂತರದ ಪಟ್ಟಿಯನ್ನು ಲಗತ್ತಿಸಿದೆ. ಈಗ ಅಧ್ಯಯನ ನಡೆಸುತ್ತಿರುವ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಿಗೆ ಅವರ ಪ್ರಬಂಧ ಸಲ್ಲಿಕೆಯಾಗುವವರೆಗೆ ತಮ್ಮ ಸಂಗ್ರಹ ನೋಡಲು ಅವಕಾಶ ಮುಂದುವರಿಸಬೇಕೆಂದು ಕೋರುತ್ತೇವೆ. ಮುಂದೆ ನಿರ್ದಿಷ್ಟ ಕೆಲಸಗಳಿಗೆ ಪ್ರತ್ಯೇಕ ಪತ್ರದ ಮೂಲಕ ಜೊತೆಗೂಡಲು ನಾವು ಸಿದ್ಧ."*

"ತಿಳಿಸುತ್ತಿದ್ದೇವೆ" ಅನ್ನುವ ಕಡೆ ಮೆತ್ತಗೆ ಮಾಡಲು ಹೋಗಿ "ನವೀಕರಿಸದಿರಲು ಕೋರುತ್ತೇವೆ" ಅಂತ ಬರೆಯಬೇಡಿ. ಕೋರಿಕೆ ಆದರೆ ಅವರು ಒಪ್ಪಬೇಕಾಗುತ್ತದೆ. ಆ ಒಂದು ವಾಕ್ಯ ಗಟ್ಟಿ ಇರಲಿ, ಉಳಿದದ್ದು ಎಷ್ಟು ಬೇಕಾದರೂ ಮೃದುವಾಗಿರಲಿ.

ಟ್ರಸ್ಟಿನ ಕಡೆಯವ
ಕಾರಣ ಬರೆದದ್ದು ಒಳ್ಳೆಯದಾಯಿತು. ಕಾರಣ ಇಲ್ಲದ ಪತ್ರಕ್ಕೆ ಊರವರು ತಾವೇ ಕಾರಣ ಹುಡುಕುತ್ತಾರೆ.

ಲೆಕ್ಕಪತ್ರ
ನನಗೆ ಒಪ್ಪಿಗೆ ಇಲ್ಲ. ಅಧ್ಯಾಪಕರಿಲ್ಲ ಅಂತ ಕಾಲೇಜು ಲಿಖಿತವಾಗಿ ಕೊಟ್ಟರೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಮುಂದೆ ಅದೇ ಕಾಗದ ಬರಬಹುದು. ಕಾರಣ ಬಾಯಲ್ಲಿ ಹೇಳಲಿ, ಪತ್ರದಲ್ಲಿ ಬೇಡ.

ಕೋರ್ಟ್ ರಸ್ತೆ
ಸತ್ಯ ಇದ್ದಾಗ ಬರೆಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೆ ಕಾರಣ ಬರೆಯಲೇಬೇಕು ಅಂತ ಕಾನೂನು ಕೇಳುವುದಿಲ್ಲ, ಅದು ಮೇಡಂ ಅವರ ಆಡಳಿತ ಮಂಡಳಿಯ ತೀರ್ಮಾನ.

ಬಯಲುಸೀಮೆ
ನ್ಯಾಕ್ ಅಂದಮೇಲೆ ನೆನಪಾಯಿತು. ವೆಬ್‌ಸೈಟಿನಲ್ಲಿ ಈ ಎಂಒಯು ಚಾಲ್ತಿಯಲ್ಲಿದೆ ಅಂತ ಜೂನ್ ಆದಮೇಲೂ ಬಿಡಬೇಡಿ. ನ್ಯಾಕ್‌ಗೆ ಎಂಒಯು ಲೆಕ್ಕ ಕೊಡುವಾಗ ಚಟುವಟಿಕೆಯ ಪುರಾವೆ ಕೇಳುತ್ತಾರೆ. ನಡೆದ ವರ್ಷಗಳದ್ದು ಧೈರ್ಯವಾಗಿ ತೋರಿಸಿ, ಅದಕ್ಕೆ ಮುಕ್ತಾಯದ ಪತ್ರ ಅಡ್ಡ ಬರಲ್ಲ.

ವಿದೇಶ ವ್ಯಾಸಂಗ
ಜರ್ಮನಿಯ ವಿಶ್ವವಿದ್ಯಾಲಯದ ಜೊತೆ ಎಂಒಯು ಮಾಡಿಕೊಳ್ಳಲು ಏನೇನು ಬೇಕು? ಯಾರಾದರೂ ಮಾದರಿ ಕಳಿಸುತ್ತೀರಾ?

ಕೋರ್ಟ್ ರಸ್ತೆ
ಇಲ್ಲಿ ಮುಗಿಸುವ ಮಾತು ನಡೆಯುತ್ತಿದೆ ಸರ್. ಆದರೂ ಒಂದು ಹೇಳುತ್ತೇನೆ, ತಾನಾಗಿ ಮುಂದುವರಿಯುವ ಸಾಲು ಹಾಕಬೇಡಿ. ಯಾರು ಏನನ್ನು ವಾಪಸ್ ಕೊಡಬೇಕು ಅನ್ನುವುದನ್ನು ಸಹಿ ಹಾಕುವ ದಿನವೇ ಬರೆಯಿರಿ. ಅವತ್ತು ಎಲ್ಲರ ಮನಸ್ಸೂ ಚೆನ್ನಾಗಿರುತ್ತದೆ.

ಗ್ರಂಥಪಾಲಕಿ
ಎಲ್ಲರಿಗೂ ತುಂಬಾ ಧನ್ಯವಾದ. ಪ್ರಿನ್ಸಿಪಾಲರಿಗೆ ಕಲಂ 3 ತೋರಿಸಿದೆ, ನವೀಕರಿಸದೆ ಬಿಡುವುದಕ್ಕೆ ಒಪ್ಪಿದ್ದಾರೆ. ಮುಂದಿನ ವಾರ ನಿವೃತ್ತ ಸರ್ ಜೊತೆ ಮೂವರೂ ಹೋಗುತ್ತೇವೆ, ಓಲೆಕಟ್ಟುಗಳನ್ನು ತೆಗೆದುಕೊಂಡೇ. ಕಾರಣ ಬರೆಯಬೇಕಾ ಬೇಡವಾ ಅಂತ ಇನ್ನೂ ಚರ್ಚೆ ನಡೆಯುತ್ತಿದೆ. ಸ್ಕ್ಯಾನರನ್ನು ಎರವಲು ಕೊಡುವ ಮನಸ್ಸು ನಮಗಿದೆ. ಆದರೆ ಓಡಿಸುವವರು ಅವರ ಹತ್ತಿರ ಇಲ್ಲ.

ಓಲೆಗರಿ
ನಿಮ್ಮ ಸ್ಕ್ಯಾನಿಂಗ್ ಹುಡುಗನೇ ಅವರ ಸಿಬ್ಬಂದಿಗೆ ಕಲಿಸಲಿ. ಹಸ್ತಾಂತರದ ಪಟ್ಟಿಗೆ ಅದನ್ನೂ ಸೇರಿಸಿ. ಯಾವ ಕಟ್ಟು ಅರ್ಧಕ್ಕೆ ನಿಂತಿದೆ, ಎಷ್ಟನೇ ಗರಿಗೆ ನಿಂತಿದೆ ಅಂತ ಪ್ರತಿ ಕಟ್ಟಿಗೂ ಚೀಟಿ ಬರೆದು ಇಡುವುದನ್ನೂ ಅವನಿಗೇ ಹೇಳಿ.

ಲೆಕ್ಕಪತ್ರ
ಎರವಲು ಪತ್ರದಲ್ಲಿ ರಿಪೇರಿ ಖರ್ಚು ಯಾರದ್ದು ಅಂತ ಬರೆಯಲು ಮರೆಯಬೇಡಿ. ಯಂತ್ರದ ದೀಪ ಹೋದರೆ ಸಣ್ಣ ದುಡ್ಡಲ್ಲ.